ವಿದೇಶದ ಹಾಸ್ಟೆಲ್‌ನಲ್ಲಿ ಸಸ್ಯಾಹಾರಿ ವಿದ್ಯಾರ್ಥಿ: ಊಟದ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಿನಾ ಹೊಟ್ಟೆ ತುಂಬ ತಿನ್ನುತ್ತೇನೆ. ಮತ್ತೆ ಯಾಕೆ ಲೆಕ್ಕ?

ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದ್ದು ಸಿಗುವುದು ಬೇರೆ. ನನ್ನ ಮಹಡಿಯಲ್ಲೇ ಇದ್ದ ಒಬ್ಬ ಹುಡುಗಿಯ ಒಂದು ದಿನ ಹೀಗಿತ್ತು. ಬೆಳಿಗ್ಗೆ ಜಾಮ್ ಸವರಿದ ಎರಡು ಬ್ರೆಡ್, ಒಂದು ಲೋಟ ಟೀ. ಮಧ್ಯಾಹ್ನ ಕ್ಲಾಸಿನ ನಡುವೆ ಒಂದು ಪ್ಯಾಕೆಟ್ ಚಿಪ್ಸ್, ಒಂದು ಬಾಳೆಹಣ್ಣು. ರಾತ್ರಿ ಇನ್‌ಸ್ಟಂಟ್ ನೂಡಲ್ಸ್. ಮಲಗುವ ಮುಂಚೆ ಒಂದು ಲೋಟ ಬಾದಾಮಿ ಹಾಲು, "ಆರೋಗ್ಯಕ್ಕೆ ಒಳ್ಳೇದು" ಅಂತ. ನಡುನಡುವೆ ಬಿಸ್ಕೆಟ್. ಅವಳಿಗೆ ಹಸಿವು ಅಂತ ಅನಿಸಿದ್ದೇ ಇಲ್ಲ. ತೂಕವೂ ಇಳಿದಿರಲಿಲ್ಲ.

ಒಂದು ಸಂಜೆ ಇಬ್ಬರೂ ಕೂತು ಪ್ಯಾಕೆಟ್‌ಗಳ ಹಿಂದಿನ ಲೇಬಲ್ ಓದಿ ಪ್ರೋಟೀನ್ ಕೂಡಿಸಿದೆವು. ಬ್ರೆಡ್‌ನಿಂದ 7 ಗ್ರಾಂ, ನೂಡಲ್ಸ್‌ನಿಂದ 7, ಚಿಪ್ಸ್ ಮತ್ತು ಬಿಸ್ಕೆಟ್ ಸೇರಿ 5, ಬಾಳೆಹಣ್ಣು, ಟೀ, ಬಾದಾಮಿ ಹಾಲಿನಿಂದ ತಲಾ 1. ಒಟ್ಟು 22 ಗ್ರಾಂ. ಅವಳಿಗೆ ಬೇಕಿದ್ದದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ.

ಎಷ್ಟು ಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಆರೋಗ್ಯವಾಗಿರುವ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ಆ ಹುಡುಗಿ 58 ಕಿಲೋ ಇದ್ದಳು, ಅಂದರೆ 46ರಿಂದ 48 ಗ್ರಾಂ. ಕಾಳುಬೇಳೆಯ ಪ್ರೋಟೀನ್ ಹಾಲಿನದಷ್ಟು ಚೆನ್ನಾಗಿ ಜೀರ್ಣ ಆಗುವುದಿಲ್ಲ. ಹಾಗಾಗಿ ನಾನು ಸಸ್ಯಾಹಾರಿಗಳಿಗೆ ಕಿಲೋಗೆ 1 ಗ್ರಾಂ ಅಂತಲೇ ಹೇಳುತ್ತೇನೆ. ಲೆಕ್ಕ ನೆನಪಿಡುವುದೂ ಸುಲಭ: 58 ಕಿಲೋಗೆ 58 ಗ್ರಾಂ.

ಬೇಳೆ ಮತ್ತು ಅನ್ನ ಒಂದೇ ತಟ್ಟೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಪ್ರೋಟೀನ್ "ಪೂರ್ತಿ" ಆಗಲ್ಲ ಅನ್ನುವ ಮಾತಿದೆ. ಅದನ್ನು ಬಿಟ್ಟುಬಿಡಿ. ಕಾಳು ಮಧ್ಯಾಹ್ನ, ಬ್ರೆಡ್ ಬೆಳಿಗ್ಗೆ ತಿಂದರೂ ದಿನದ ಲೆಕ್ಕದಲ್ಲಿ ಎರಡೂ ಸೇರಿಕೊಳ್ಳುತ್ತವೆ.

ಹಾಗಾದರೆ ಆ ಹುಡುಗಿಯ ದಿನವನ್ನು ಹೇಗೆ ಬದಲಾಯಿಸಿದಿರಿ?

ಒಲೆ ಮುಂದೆ ನಿಲ್ಲುವ ಸಮಯ ದಿನಕ್ಕೆ 15 ನಿಮಿಷ ದಾಟಬಾರದು ಅಂತ ಅವಳ ಷರತ್ತು. ಮೊಟ್ಟೆ ತಿನ್ನುವುದಿಲ್ಲ, ಹಾಲು ಮೊಸರು ಆಗುತ್ತದೆ.

ಬೆಳಿಗ್ಗೆ 50 ಗ್ರಾಂ ಓಟ್ಸ್‌ಗೆ ಒಂದು ಲೋಟ, ಅಂದರೆ 250 ಮಿಲಿ, ಸೋಯಾ ಹಾಲು. ಹಿಂದಿನ ರಾತ್ರಿಯೇ ನೆನೆಸಿ ಫ್ರಿಜ್‌ನಲ್ಲಿ ಇಟ್ಟರೆ ಒಲೆಯೇ ಬೇಡ. ಇದರಲ್ಲಿ 14 ಗ್ರಾಂ. ಮಧ್ಯಾಹ್ನಕ್ಕೆ ಅರ್ಧ ಡಬ್ಬಿ ಬೇಯಿಸಿದ ಕಾಬೂಲಿ ಕಡಲೆ, ಹೆಚ್ಚಿದ ಕ್ಯಾಪ್ಸಿಕಂ, ನಿಂಬೆ ರಸ, ಜೊತೆಗೆ ಎರಡು ಬ್ರೆಡ್. ಇದು 15 ಗ್ರಾಂ. ಸಂಜೆ ಒಂದು ಕಪ್ ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ: 13 ಗ್ರಾಂ. ರಾತ್ರಿ ಪಾಲಕ್ ಹಾಕಿದ ಬೇಳೆ ಮತ್ತು ಅನ್ನ: 19 ಗ್ರಾಂ. ಇಷ್ಟಕ್ಕೇ 61 ಆಯಿತು. ಮಲಗುವಾಗ ಬಾದಾಮಿ ಹಾಲಿನ ಬದಲು ಒಂದು ಲೋಟ ಹಸುವಿನ ಹಾಲು ಸೇರಿಸಿದೆವು. ಅದು ಪ್ರೋಟೀನ್‌ಗಿಂತ ಕ್ಯಾಲ್ಸಿಯಂ ಸಲುವಾಗಿ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆ ಲೋಟದಲ್ಲಿ 300 ಇರುತ್ತದೆ.

ಇಷ್ಟಾದರೂ ಒಂದು ಕಡೆ ಲೆಕ್ಕ ಕೂಡಲಿಲ್ಲ. ಅದು ಕಬ್ಬಿಣ. ಅದರ ವಿಷಯ ಕೆಳಗೆ ಬರುತ್ತದೆ.

15 ನಿಮಿಷದಲ್ಲಿ ಬೇಳೆ ಹೇಗೆ ಬೇಯುತ್ತದೆ? ನಮ್ಮಲ್ಲಿ ಪ್ರೆಶರ್ ಕುಕ್ಕರ್ ಇಲ್ಲ.

ಬೇಕಾಗಿಲ್ಲ. ಸಿಪ್ಪೆ ತೆಗೆದ ಮಸೂರ ಬೇಳೆ, ಕಿತ್ತಳೆ ಬಣ್ಣದ್ದು, ನೆನೆಸದೆಯೇ ಸಾಮಾನ್ಯ ಪಾತ್ರೆಯಲ್ಲಿ 15ರಿಂದ 20 ನಿಮಿಷಕ್ಕೆ ಕರಗುವಷ್ಟು ಬೇಯುತ್ತದೆ. ಹಾಸ್ಟೆಲ್ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ಕಾಳು ನನಗೆ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ, ಒಲೆ ಖಾಲಿ ಇರುವ ಹೊತ್ತು ನೋಡಿಕೊಳ್ಳಿ. 300 ಗ್ರಾಂ ಬೇಳೆಯನ್ನು ಎರಡು ಸಲ ತೊಳೆದು ಒಂದೂಕಾಲು ಲೀಟರ್ ನೀರು ಹಾಕಿ ಇಡಿ. ಕುದಿ ಬಂದಾಗ ನೊರೆ ಉಕ್ಕುತ್ತದೆ, ಆಗ ಪಕ್ಕದಲ್ಲೇ ಇರಬೇಕು. ಆಮೇಲೆ ಉರಿ ಸಣ್ಣ ಮಾಡಿ ಕಡಲೆ ಡಬ್ಬಿ ತೆರೆಯಿರಿ, ಕ್ಯಾಪ್ಸಿಕಂ ಹೆಚ್ಚಿ. ಬೇಳೆ ಒಡೆದ ಮೇಲೆ 400 ಗ್ರಾಂ ಫ್ರೋಜನ್ ಪಾಲಕ್ ಹಾಗೇ ಹಾಕಿ ಮತ್ತೆ ಐದು ನಿಮಿಷ ಕುದಿಸಿ. ಉಪ್ಪು, ಒಗ್ಗರಣೆ ನಿಮ್ಮಿಷ್ಟ. ಇದು ಐದು ರಾತ್ರಿಗೆ ಆಗುತ್ತದೆ. ಅಗಲವಾದ, ಆಳ ಕಡಿಮೆ ಇರುವ ಐದು ಡಬ್ಬಿಗಳಿಗೆ ಹಂಚಿದರೆ ಬೇಗ ಆರುತ್ತದೆ. ಸೋಮವಾರ, ಮಂಗಳವಾರದ್ದು ಫ್ರಿಜ್‌ಗೆ, ಉಳಿದ ಮೂರು ಫ್ರೀಜರ್‌ಗೆ. ಮಂಗಳವಾರ ರಾತ್ರಿ ಬುಧವಾರದ ಡಬ್ಬಿಯನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವಾಗ ನಡುವೆ ಒಮ್ಮೆ ಕಲಕಿ, ಒಳಗಿನವರೆಗೂ ಹಬೆಯಾಡಬೇಕು. ಅಂಚು ಸುಡುತ್ತಾ ನಡು ತಣ್ಣಗಿದ್ದರೆ ಅದು ಬಿಸಿ ಆದಂತಲ್ಲ.

ಇನ್ನೊಂದು ಮಾತು. ಹಂಚಿಕೊಂಡ ಫ್ರಿಜ್‌ನಲ್ಲಿ ಪಾರದರ್ಶಕ ಡಬ್ಬಿ ಇಡಬೇಡಿ. ಊಟ ಕಳ್ಳತನ ಆಗುವುದು ಬುಧವಾರ ರಾತ್ರಿ, ನಿಮಗೆ ತುಂಬಾ ಹಸಿವಾಗಿರುವಾಗಲೇ.

ಒಣ ರಾಜ್ಮಾವನ್ನು ಸ್ಲೋ ಕುಕ್ಕರ್‌ನಲ್ಲಿ ರಾತ್ರಿಯಿಡೀ ಬೇಯಲು ಬಿಡಬಹುದಾ?

ಬೇಡ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಜಾತಿಯ ವಿಷಪದಾರ್ಥ ಇರುತ್ತದೆ. ಜೋರಾಗಿ ಕುದಿಸಿದರೆ ಮಾತ್ರ ಅದು ನಾಶವಾಗುವುದು. ಸ್ಲೋ ಕುಕ್ಕರ್‌ನ ಸಣ್ಣ ಬಿಸಿಯಲ್ಲಿ ಕಾಳು ಮೆತ್ತಗಾದಂತೆ ಕಾಣುತ್ತದೆ, ವಿಷ ಹಾಗೇ ಉಳಿದಿರುತ್ತದೆ. ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಿಪರೀತ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಆಮೇಲೆ ಬೇಕಾದರೆ ಸ್ಲೋ ಕುಕ್ಕರ್‌ಗೆ ಹಾಕಿ. ಡಬ್ಬಿಯಲ್ಲಿ ಬರುವ ರಾಜ್ಮಾ ಆಗಲೇ ಬೆಂದಿರುತ್ತದೆ, ಅದಕ್ಕೆ ಈ ತಂಟೆ ಇಲ್ಲ. ಸಮಯ ಇಲ್ಲದವರಿಗೆ ನಾನು ಡಬ್ಬಿಯನ್ನೇ ಹೇಳುವುದು. ನೀರು ಬಸಿದು ತೊಳೆದರೆ ಉಪ್ಪೂ ಕಡಿಮೆಯಾಗುತ್ತದೆ.

ಅನ್ನವನ್ನೂ ವಾರಕ್ಕೆ ಒಂದೇ ಸಲ ಮಾಡಿಟ್ಟರೆ?

ಫ್ರಿಜ್‌ನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೆ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ. ಒಲೆಯ ಮೇಲೆ ರಾತ್ರಿಯಿಡೀ ಇದ್ದ ಅನ್ನವನ್ನು ವಾಸನೆ ನೋಡಿ ನಿರ್ಧರಿಸಬೇಡಿ, ಎಸೆಯಿರಿ.

ಕಬ್ಬಿಣದ ಲೆಕ್ಕ ಯಾಕೆ ಕೂಡಲಿಲ್ಲ? ಪಾಲಕ್ ತಿಂದರೆ ಸಾಲದಾ?

ಪಾಲಕ್‌ನಲ್ಲಿ ಕಬ್ಬಿಣ ಇದೆ, ಆದರೆ ಮೈಗೆ ಹತ್ತುವುದು ತೀರಾ ಕಡಿಮೆ. ಅವಳ ಹೊಸ ದಿನದಲ್ಲಿ ನಿಜವಾದ ಕೆಲಸ ಮಾಡಿದ್ದು ಬೇಳೆ (ಸುಮಾರು 4 ಮಿಲಿಗ್ರಾಂ), ಕಡಲೆ (2) ಮತ್ತು ಓಟ್ಸ್ (2). ಬ್ರೆಡ್, ಕಡಲೆಕಾಯಿ, ಪಾಲಕ್ ಎಲ್ಲ ಸೇರಿಸಿದರೂ ದಿನಕ್ಕೆ 12ರ ಆಸುಪಾಸು. ಗಂಡಸರಿಗೆ 8 ಮಿಲಿಗ್ರಾಂ ಸಾಕು ಅನ್ನುವ ಅಮೆರಿಕದ ಶಿಫಾರಸು, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 18 ಅನ್ನುತ್ತದೆ. ಸಸ್ಯಾಹಾರಿಗಳಿಗೆ ಅದರ 1.8 ಪಟ್ಟು ಬೇಕು ಅಂತಲೂ ಸೇರಿಸುತ್ತದೆ. ಊಟದಿಂದ 32 ಮಿಲಿಗ್ರಾಂ ಮುಟ್ಟುವುದು ಹಾಸ್ಟೆಲ್‌ನಲ್ಲಿ ಆಗುವ ಮಾತಲ್ಲ.

ಹಾಗಾಗಿ ನಾನು ಆ ಸಂಖ್ಯೆಯ ಹಿಂದೆ ಓಡುವುದಿಲ್ಲ. ತಿಂದ ಕಬ್ಬಿಣದಲ್ಲಿ ಎಷ್ಟು ಒಳಗೆ ಹೋಗುತ್ತದೆ ಅನ್ನುವುದನ್ನು ನೋಡುತ್ತೇನೆ. ಅದು ನಮ್ಮ ಕೈಯಲ್ಲೇ ಇದೆ. ಗಿಡಮೂಲದ ಕಬ್ಬಿಣದ ಜೊತೆ ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಚೆನ್ನಾಗಿ ಹೆಚ್ಚುತ್ತದೆ. ಮಧ್ಯಾಹ್ನದ ಡಬ್ಬಿಯಲ್ಲಿ ಹಸಿ ಕ್ಯಾಪ್ಸಿಕಂ, ನಿಂಬೆ ರಸ ಇದ್ದದ್ದು ರುಚಿಗಲ್ಲ, ಇದಕ್ಕೆ. ರಾತ್ರಿ ಬೇಳೆಗೆ ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ, ಯಾಕಂದರೆ ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ.

ಟೀ, ಕಾಫಿ ಇದಕ್ಕೆ ಉಲ್ಟಾ. ಊಟದ ಜೊತೆ ಕುಡಿದ ಟೀ ಆ ಊಟದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು. ಬಿಡಬೇಕಾಗಿಲ್ಲ, ಊಟದಿಂದ ಒಂದು ಗಂಟೆ ದೂರ ಇಡಿ. ಆ ಹುಡುಗಿಗೆ ತುಂಬಾ ಕಷ್ಟ ಆದದ್ದು ಇದೇ. ಓಟ್ಸ್ ಬೇಕಾದರೆ ತಿಂತೀನಿ, ಟೀ ಇಲ್ಲದೆ ಕಣ್ಣು ಬಿಡೋಕಾಗಲ್ಲ ಅಂದಳು. ಕೊನೆಗೆ ಎದ್ದ ತಕ್ಷಣ ಟೀ, ಸ್ನಾನ ಮುಗಿಸಿ ಕ್ಲಾಸಿಗೆ ಹೋದ ಮೇಲೆ ಓಟ್ಸ್ ಅಂತ ರಾಜಿ ಆಯಿತು.

ಸುಮ್ನೆ ಒಂದು ಕಬ್ಬಿಣದ ಮಾತ್ರೆ ತಗೊಂಡರೆ ಆಗಲ್ವಾ?

ರಕ್ತ ಪರೀಕ್ಷೆ ಇಲ್ಲದೆ ಬೇಡ. ಹೊಟ್ಟೆ ಕೆಡುತ್ತದೆ, ಮಲಬದ್ಧತೆ ಆಗುತ್ತದೆ. ಕೆಲವರಿಗೆ ಮೈಯಲ್ಲಿ ಕಬ್ಬಿಣ ಶೇಖರವಾಗುವ ಆನುವಂಶಿಕ ತೊಂದರೆ ಇರುತ್ತದೆ, ಅಂಥವರಿಗೆ ಅಪಾಯ. ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಕೇಳಿ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಶೇಖರಣೆ ಖಾಲಿ ಆಗಿರಬಹುದು, ಅದನ್ನು ತೋರಿಸುವುದು ಫೆರಿಟಿನ್. ಅದು 15ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಅರ್ಥ. ಜ್ವರ, ಸೋಂಕು ಇದ್ದಾಗ ಮಾತ್ರ ಫೆರಿಟಿನ್ ಸುಳ್ಳುಸುಳ್ಳೇ ಮೇಲೇರುತ್ತದೆ, ಹಾಗಾಗಿ ನೆಗಡಿ ಜ್ವರ ಕಳೆದ ಮೇಲೆ ಹೋಗಿ.

ಬಿ12 ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೆದರಿಸುತ್ತಾರೆ?

ಈ ಪುಟದಲ್ಲಿ ಒಂದೇ ಒಂದನ್ನು ಓದುವಿರಾದರೆ ಇದನ್ನು ಓದಿ. ಉಳಿದ ಕೊರತೆಗಳನ್ನು ಆಮೇಲೆ ತುಂಬಿಕೊಳ್ಳಬಹುದು. ಬಿ12 ಕೊರತೆ ನರಗಳಿಗೆ ಮಾಡಿದ ಹಾನಿ ಕೆಲವೊಮ್ಮೆ ಪೂರ್ತಿ ವಾಪಸ್ ಬರುವುದಿಲ್ಲ.

ಗಿಡಗಳಲ್ಲಿ ಬಿ12 ಇಲ್ಲ. ಅದನ್ನು ಮಾಡುವುದು ಬ್ಯಾಕ್ಟೀರಿಯಾಗಳು. ಸಸ್ಯಾಹಾರಿಗೆ ಸಿಗುವುದು ಹಾಲು, ಮೊಸರು, ಚೀಸ್, ಅಥವಾ ಬಿ12 ಅನ್ನು ಹೊರಗಿನಿಂದ ಸೇರಿಸಿದ ಸೋಯಾ ಹಾಲು, ಸೀರಿಯಲ್‌ನಿಂದ ಮಾತ್ರ. ಸ್ಪಿರುಲಿನಾ ಪುಡಿ ಮಾರುವವರು ಅದರಲ್ಲಿ ಬಿ12 ಇದೆ ಅನ್ನುತ್ತಾರೆ. ಅದರಲ್ಲಿರುವುದು ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ಅದರ ತದ್ರೂಪು. ದುಡ್ಡು ದಂಡ.

ದಿನಕ್ಕೆ ಬೇಕಾಗುವುದು 2.4 ಮೈಕ್ರೊಗ್ರಾಂ. ಮೇಲಿನ ಹುಡುಗಿಯ ಹೊಸ ದಿನದಲ್ಲಿ ಹಾಲಿನಿಂದ 1, ಬಿ12 ಸೇರಿಸಿದ ಸೋಯಾ ಹಾಲಿನಿಂದ 1, ಮೊಸರಿನಿಂದ ಅರ್ಧ. ಕಾಗದದ ಮೇಲೆ ಸರಿಹೋಯಿತು ಅಲ್ವಾ? ಆದರೆ ಪರೀಕ್ಷೆ ಬಂದರೆ ಮೊದಲು ತಪ್ಪುವುದೇ ಆ ರಾತ್ರಿಯ ಹಾಲು, ಸಂಜೆಯ ಮೊಸರು. ಅದಕ್ಕೇ ಹಾಲು ಕುಡಿಯುವ ಸಸ್ಯಾಹಾರಿಗೂ ನಾನು ಮಾತ್ರೆ ಇರಲಿ ಅನ್ನುವುದು.

ಇದರ ಮೋಸ ಏನೆಂದರೆ, ಪಿತ್ತಜನಕಾಂಗದಲ್ಲಿ ಬಿ12 ವರ್ಷಗಟ್ಟಲೆ ಶೇಖರವಾಗಿರುತ್ತದೆ. ಮೊದಲ ವರ್ಷ ಏನೂ ಆಗುವುದಿಲ್ಲ. ಎರಡನೆಯ ಅಥವಾ ಮೂರನೆಯ ವರ್ಷ ಸುಸ್ತು, ನಾಲಿಗೆ ಉರಿ, ಮರೆವು, ಕೈಕಾಲು ಜೋಮು ಹಿಡಿದಂತೆ ಚುಮುಚುಮು. ಎಲ್ಲರೂ "ನಿದ್ದೆ ಸಾಲದು, ಓದಿನ ಒತ್ತಡ" ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಟೈಪ್ ಮಾಡುವಾಗ ಬೆರಳ ತುದಿ ಮರಗಟ್ಟುತ್ತಿತ್ತು, ಕೀಬೋರ್ಡ್ ಬದಲಾಯಿಸಿದೆ. ಪರೀಕ್ಷೆ ಮಾಡಿಸಿದ್ದು ಏಳು ತಿಂಗಳು ಕಳೆದ ಮೇಲೆ.

ಎಷ್ಟು ಡೋಸ್? ದೊಡ್ಡ ಸಂಖ್ಯೆ ನೋಡಿ ಭಯ ಆಗುತ್ತದೆ.

ಡಬ್ಬಿಯ ಮೇಲೆ 1000 ಮೈಕ್ರೊಗ್ರಾಂ ಅಂತ ಇರುವುದು ನೋಡಿ ಗಾಬರಿ ಬೇಡ. ಕರುಳು ಒಂದು ಸಲಕ್ಕೆ ಮುಖ್ಯ ದಾರಿಯಿಂದ ಹೀರುವುದು ಒಂದೂವರೆ, ಎರಡು ಮೈಕ್ರೊಗ್ರಾಂ ಅಷ್ಟೇ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಹಾಗೇ ಒಳಗೆ ಜಿನುಗುತ್ತದೆ. ಅದಕ್ಕೇ ದಿನಾ ತೆಗೆದುಕೊಳ್ಳುವವರಿಗೆ ಸಣ್ಣ ಡೋಸ್, 10 ಮೈಕ್ರೊಗ್ರಾಂ ಇದ್ದರೂ ಆಗುತ್ತದೆ. ವಾರಕ್ಕೆ ಒಂದೇ ಸಲ ತೆಗೆದುಕೊಳ್ಳುವವರಿಗೆ 2000 ಬೇಕು. ಬೇಳೆ ಬೇಯಿಸುವ ಭಾನುವಾರವೇ ನುಂಗುವುದು ನನಗೆ ಅನುಕೂಲ. ಸಯನೊಕೊಬಾಲಮಿನ್ ಅನ್ನುವ ರೂಪ ಅಗ್ಗ, ಬೇಗ ಕೆಡುವುದಿಲ್ಲ, ಅದೇ ಸಾಕು.

ಇದು ಕೊರತೆ ಬಾರದಂತೆ ನೋಡಿಕೊಳ್ಳುವ ಡೋಸ್. ಚುಮುಚುಮು ಶುರುವಾಗಿದ್ದರೆ ಮಾತ್ರೆ ನುಂಗುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ. ಮೊದಲೇ ನುಂಗಿದರೆ ರಕ್ತದಲ್ಲಿ ಸಂಖ್ಯೆ ಏರಿ ಕೊರತೆ ಮರೆಯಾಗುತ್ತದೆ. ನಿಮಗೆ ಇಂಜೆಕ್ಷನ್ನೇ ಬೇಕಾಗಬಹುದು. ಫಲಿತಾಂಶ ಅಂಚಿನಲ್ಲಿ ಬಂದರೆ ಮೀಥೈಲ್ ಮೆಲೋನಿಕ್ ಆಸಿಡ್ ಅನ್ನುವ ಎರಡನೆಯ ಪರೀಕ್ಷೆ ಇದೆ, ಕೇಳಿ ಮಾಡಿಸಿ.

ಪಾರ್ಟಿಗಳಲ್ಲಿ ಬಲೂನಿಗೆ ತುಂಬಿ ಎಳೆಯುವ ನಗೆ ಅನಿಲ, ನೈಟ್ರಸ್ ಆಕ್ಸೈಡ್, ಮೈಯಲ್ಲಿರುವ ಬಿ12 ಅನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಮೊದಲೇ ಕಡಿಮೆ ಇರುವವರಿಗೆ ಬೆನ್ನುಹುರಿಗೇ ಪೆಟ್ಟು ಬಿದ್ದು ನಡಿಗೆ ತಪ್ಪಬಹುದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಬರೆದೆ.

ವಿಟಮಿನ್ ಡಿ ಮಾತ್ರೆ ಸಸ್ಯಾಹಾರವಾ?

ಯಾವಾಗಲೂ ಅಲ್ಲ. ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕೆಲವು ಮೀನೆಣ್ಣೆಯಿಂದ. ಮೆತ್ತಗಿನ ಕ್ಯಾಪ್ಸೂಲ್‌ನ ಹೊದಿಕೆ ಬಹಳ ಸಲ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯದ್ದು. ಕಲ್ಲುಹೂವಿನಿಂದ ತೆಗೆದ ಡಿ3 ಅಥವಾ ಡಿ2, ಒತ್ತಿದ ಮಾತ್ರೆಯ ರೂಪದಲ್ಲಿ, ಹುಡುಕಿದರೆ ಸಿಗುತ್ತದೆ. ಸಮಭಾಜಕದಿಂದ ದೂರದ ದೇಶಗಳಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮ ವಿಟಮಿನ್ ಡಿ ಮಾಡಿಕೊಳ್ಳುವುದಿಲ್ಲ, ಎಷ್ಟು ಹೊತ್ತು ನಿಂತರೂ ಅಷ್ಟೇ. ಬ್ರಿಟನ್‌ನಲ್ಲಿ ಚಳಿಗಾಲದ ಆ ಆರು ತಿಂಗಳು ಎಲ್ಲರೂ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಅಂತ ಸರ್ಕಾರದ ಸಲಹೆಯೇ ಇದೆ. ಚರ್ಮದ ಬಣ್ಣ ಗಾಢವಾಗಿದ್ದವರಿಗೆ ವರ್ಷಪೂರ್ತಿ. ಕೊಬ್ಬಿರುವ ಊಟದ ಜೊತೆ ನುಂಗಿ.

ಬಾದಾಮಿ ಹಾಲು, ಓಟ್ಸ್ ಹಾಲು, ಸೋಯಾ ಹಾಲು ಎಲ್ಲಾ ಒಂದೇನಾ?

ಅಲ್ಲ. ಒಂದು ಲೋಟಕ್ಕೆ ಸೋಯಾದಲ್ಲಿ 7ರಿಂದ 8 ಗ್ರಾಂ ಪ್ರೋಟೀನ್, ಬಾದಾಮಿಯದರಲ್ಲಿ 1. ಲೇಬಲ್‌ನಲ್ಲಿ ಕ್ಯಾಲ್ಸಿಯಂ ಮತ್ತು ಬಿ12 ಎರಡೂ ಸೇರಿಸಿದ್ದಾರಾ ನೋಡಿ. ಸಾವಯವ ಅಂತ ಬರೆದ ಡಬ್ಬಿಗಳಲ್ಲಿ ಬಹಳ ಸಲ ಏನೂ ಸೇರಿಸಿರುವುದಿಲ್ಲ. ಸುರಿಯುವ ಮುಂಚೆ ಚೆನ್ನಾಗಿ ಅಲ್ಲಾಡಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಉಪ್ಪಿನಲ್ಲಿ ಏನು ನೋಡಬೇಕು?

ಅಯೋಡಿನ್. ಎಲ್ಲಾ ದೇಶಗಳಲ್ಲೂ ಅಂಗಡಿಯ ಉಪ್ಪಿಗೆ ಅದನ್ನು ಸೇರಿಸಿರುವುದಿಲ್ಲ. ಸಮುದ್ರದ ಉಪ್ಪು, ಗುಲಾಬಿ ಉಪ್ಪಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಹಾಲು ಬಿಟ್ಟವರು ಇದನ್ನು ಖಂಡಿತ ನೋಡಿಕೊಳ್ಳಬೇಕು.

ಪ್ರೋಟೀನ್ ಪುಡಿ?

ಮೇಲಿನ ಊಟ ನಡೆಯುತ್ತಿದ್ದರೆ ಬೇಕಾಗಿಲ್ಲ. ಇದ್ದರೆ ತೊಂದರೆಯೂ ಇಲ್ಲ.

ಪರೀಕ್ಷೆ ವಾರ. ಒಲೆ ಹತ್ತಿರವೂ ಹೋಗಲು ಆಗುತ್ತಿಲ್ಲ. ಏನು ಮಾಡಲಿ?

ಫ್ರೀಜರ್‌ನಲ್ಲಿ ಬೇಳೆ ಡಬ್ಬಿ ಇದ್ದರೆ ಬ್ರೆಡ್ ಜೊತೆ ಅದನ್ನೇ ತಿನ್ನಿ, ಅನ್ನ ಬೇಡ. ಅದೂ ಮುಗಿದಿದ್ದರೆ ಒಂದು ಡಬ್ಬಿ ಬೀನ್ಸ್, ಎರಡು ಬ್ರೆಡ್ಡಿಗೆ ಪೀನಟ್ ಬಟರ್, ಒಂದು ಕಿತ್ತಳೆ, ಎರಡು ಲೋಟ ಸೋಯಾ ಹಾಲು. ಇಷ್ಟರಲ್ಲೇ 45 ಗ್ರಾಂ ಹತ್ತಿರ ಪ್ರೋಟೀನ್ ಆಗುತ್ತದೆ, ಪಾತ್ರೆ ತೊಳೆಯುವುದು ಒಂದು ಚಮಚ. ನೂಡಲ್ಸೇ ಬೇಕು ಅನಿಸಿದರೆ ಅದಕ್ಕೂ ದಾರಿ ಇದೆ: ಕುದಿಯುವ ನೀರಿಗೆ ನೂಡಲ್ಸ್ ಜೊತೆ 100 ಗ್ರಾಂ ಗಟ್ಟಿ ತೋಫು ಮುರಿದು ಹಾಕಿ, ಒಂದು ಹಿಡಿ ಫ್ರೋಜನ್ ಬಟಾಣಿ ಸೇರಿಸಿ, ಮಸಾಲೆ ಪುಡಿ ಅರ್ಧ ಮಾತ್ರ ಬಳಸಿ. 7 ಗ್ರಾಂ ಇದ್ದ ಊಟ 20 ದಾಟುತ್ತದೆ, ಜಾಸ್ತಿ ಹಿಡಿಯುವುದು ಎರಡು ನಿಮಿಷ. ಆ ಹುಡುಗಿ ಈಗಲೂ ವಾರಕ್ಕೆ ಎರಡು ರಾತ್ರಿ ಇದನ್ನೇ ತಿನ್ನುತ್ತಾಳೆ.